ಮೂಳೆಗಡ್ಡೆ ಎಕ್ಸ್‌ರೇ: ವೈವಾ ಹಿಂದಿನ ರಾತ್ರಿಯ ಹಾಳೆ

ಫೈನಲ್ ಇಯರ್ ಎಂಬಿಬಿಎಸ್, ಆರ್ಥೋ ಪ್ರಾಕ್ಟಿಕಲ್

ಫಿಲ್ಮ್ ಲೈಟಿಗೆ ಹಾಕಿದ ಕೂಡಲೇ ಗಡ್ಡೆಯ ಹೆಸರು ಹೇಳಬೇಡಿ. ಮೊದಲು ಕಂಡದ್ದನ್ನು ವರ್ಣಿಸಿ. ಕ್ರಮಕ್ಕೆ ಈ ಒಂದು ಸಾಲು ಸಾಕು:

ವನಜಾ ಅಂಗಳದ ಪೇರಲೆ ಮರ ಕಾಯ್ತಾಳೆ

ವ – ವಯಸ್ಸು
ನ – ನಂಬರ್ (ಒಂದೇ ಗಡ್ಡೆಯೋ, ಹಲವೋ)
ಜಾ – ಜಾಗ (ಯಾವ ಮೂಳೆ, ಎಪಿಫಿಸಿಸ್, ಮೆಟಾಫಿಸಿಸ್, ಡಯಾಫಿಸಿಸ್)
ಅಂ – ಅಂಚು
ಪೇ – ಪೆರಿಯಾಸ್ಟಿಯಲ್ ರಿಯಾಕ್ಷನ್
ಮ – ಮ್ಯಾಟ್ರಿಕ್ಸ್
ಕಾ – ಕಾರ್ಟೆಕ್ಸ್ ಒಡೆದಿದೆಯೇ, ಹೊರಗೆ ಮೃದು ಅಂಗಾಂಶಕ್ಕೆ ಹರಡಿದೆಯೇ

ಇದರಲ್ಲಿ ಅತಿ ಮುಖ್ಯ ಅಂಚು. ಪೆನ್ಸಿಲ್‌ನಿಂದ ಗಡ್ಡೆಯ ಸುತ್ತ ಗೆರೆ ಎಳೆಯಲು ಬರುವಂತಿದ್ದರೆ ಅದು ನಿಧಾನವಾಗಿ ಬೆಳೆಯುತ್ತಿದೆ. ಎಲ್ಲಿ ಮುಗಿಯಿತೆಂದೇ ತಿಳಿಯದಿದ್ದರೆ ಆಕ್ರಮಣಕಾರಿ.

ಆಸ್ಟಿಯೋಸಾರ್ಕೋಮಾ: ನಾಲ್ಕು 'ಮ'
ಮೀಸೆ ಮೂಡುವ ವಯಸ್ಸು (10–20), ಮೊಣಕಾಲ ಸುತ್ತ, ಮೆಟಾಫಿಸಿಸ್, ಮೋಡದಂಥ ಮ್ಯಾಟ್ರಿಕ್ಸ್. ಮೋಡದ ಹಿಂದೆ ಸೂರ್ಯ ಇದ್ದೇ ಇರುತ್ತಾನಲ್ಲ, ಅದೇ ಸನ್‌ಬರ್ಸ್ಟ್. ಜೊತೆಗೆ ಕಾಡ್‌ಮನ್ ತ್ರಿಕೋನ. ಆದರೆ ತ್ರಿಕೋನ ಕಂಡ ಮಾತ್ರಕ್ಕೆ ಇದೇ ಎನ್ನಬೇಡಿ: ಪೆರಿಯಾಸ್ಟಿಯಂ ಅನ್ನು ಬೇಗ ಮೇಲೆತ್ತುವ ಯಾವುದೇ ಕಾಯಿಲೆಯಲ್ಲೂ, ಆಸ್ಟಿಯೋಮೈಲೈಟಿಸ್‌ನಲ್ಲೂ, ಅದು ಬರಬಹುದು.

ಈವಿಂಗ್: ಡಬ್ಬಿಯಲ್ಲಿ ಈರುಳ್ಳಿ
ಡ – ಡಯಾಫಿಸಿಸ್, ಈ – ಈವಿಂಗ್, ಈರುಳ್ಳಿ – ಪದರ ಪದರದ ಪೆರಿಯಾಸ್ಟಿಯಲ್ ರಿಯಾಕ್ಷನ್. ಮಕ್ಕಳು, ಹದಿಹರೆಯದವರು, ಹುಳು ತಿಂದಂಥ ಮೂಳೆ. ಜ್ವರ, ಏರಿದ ಇಎಸ್‌ಆರ್ ಇದ್ದರೆ ಸೋಂಕೆಂದು ಮೋಸಹೋಗುವುದು ಇಲ್ಲೇ. ಎರಡನ್ನೂ ಡಿಫರೆನ್ಷಿಯಲ್‌ನಲ್ಲಿ ಹೇಳಿ.

ಜಿಸಿಟಿ: ಜೈಂಟ್ ಜಾಯಿಂಟ್ ತಟ್ಟುತ್ತಾನೆ
20–40 ವಯಸ್ಸು, ಗ್ರೋತ್ ಪ್ಲೇಟ್ ಮುಚ್ಚಿದ ಮೇಲೆ, ಒಂದು ಬದಿಗೆ ಸರಿದು, ಕೀಲಿನ ಅಂಚಿನವರೆಗೂ. ಸೋಪಿನ ನೊರೆಯ ನೋಟ, ಸ್ಕ್ಲೀರೋಟಿಕ್ ಅಂಚು ಸಾಮಾನ್ಯವಾಗಿ ಇಲ್ಲ. ಪ್ಲೇಟ್ ಮುಚ್ಚದ ಹುಡುಗನ ಎಪಿಫಿಸಿಸ್‌ನಲ್ಲಿದ್ದರೆ ಕಾಂಡ್ರೋಬ್ಲಾಸ್ಟೋಮಾ ನೆನೆಯಿರಿ.

ಉಳಿದವು ಚುಟುಕಾಗಿ. ಆಸ್ಟಿಯೋಕಾಂಡ್ರೋಮಾ ಕೀಲಿಗೆ ಬೆನ್ನು ಹಾಕಿ ಬೆಳೆಯುತ್ತದೆ. ಅದರ ಕಾರ್ಟೆಕ್ಸ್, ಮೆಡುಲ್ಲಾ ಎರಡೂ ಮೂಲ ಮೂಳೆಯದರ ಮುಂದುವರಿಕೆ. ಕೈಬೆರಳಿನ ಮೂಳೆಯಲ್ಲಿ ಎನ್‌ಕಾಂಡ್ರೋಮಾ. ಮಗುವಿನ ಭುಜದ ಹತ್ತಿರ, ಹ್ಯೂಮರಸ್‌ನ ಮೇಲ್ತುದಿಯಲ್ಲಿ, ಒಂದು ಬದಿಗೆ ಸರಿಯದೆ ನಟ್ಟನಡುವೆ ಸಿಂಪಲ್ ಬೋನ್ ಸಿಸ್ಟ್. ಮುರಿದ ಚೂರು ತಳಕ್ಕೆ ಬಿದ್ದಿದ್ದರೆ ಫಾಲನ್ ಫ್ರಾಗ್ಮೆಂಟ್. ರಾತ್ರಿ ನೋವು, ಆಸ್ಪಿರಿನ್‌ಗೆ ಇಳಿದರೆ ಆಸ್ಟಿಯಾಯ್ಡ್ ಆಸ್ಟಿಯೋಮಾದ ನೈಡಸ್ ಹುಡುಕಿ.

40 ದಾಟಿದರೆ ಮ, ಮ: ಮೆಟಾಸ್ಟಾಸಿಸ್ ಮೊದಲು, ಮೈಲೋಮಾ ಆಮೇಲೆ. ಪ್ರಾಸ್ಟೇಟ್‌ನದು ಬೆಳ್ಳಗೆ, ಕಿಡ್ನಿ, ಥೈರಾಯ್ಡ್‌ಗಳದು ಕಪ್ಪಗೆ. ತಲೆಬುರುಡೆಯಲ್ಲಿ ಪಂಚ್ ಹೊಡೆದಂಥ ತೂತುಗಳಿದ್ದರೆ ಮೈಲೋಮಾ. ಬೋನ್ ಸ್ಕ್ಯಾನ್‌ನಲ್ಲಿ ಇದು ತಪ್ಪಿಹೋಗಬಹುದು.

ಬಾಯಿಬಿಟ್ಟು ಹೀಗೆ ಹೇಳಿ ರೂಢಿಸಿಕೊಳ್ಳಿ:
"ಸರ್, ಇದು 15 ವರ್ಷದ ಹುಡುಗನ ಬಲ ಮೊಣಕಾಲಿನ ಎಪಿ ಮತ್ತು ಲ್ಯಾಟರಲ್ ಎಕ್ಸ್‌ರೇ. ಫೀಮರ್‌ನ ಕೆಳತುದಿಯ ಮೆಟಾಫಿಸಿಸ್‌ನಲ್ಲಿ ಒಂದೇ ಗಡ್ಡೆ, ಅಂಚು ಅಸ್ಪಷ್ಟ, ಸನ್‌ಬರ್ಸ್ಟ್ ಇದೆ, ಮೋಡದಂಥ ಮ್ಯಾಟ್ರಿಕ್ಸ್, ಕಾರ್ಟೆಕ್ಸ್ ಒಡೆದಿದೆ. ಆಸ್ಟಿಯೋಸಾರ್ಕೋಮಾ ಇರಬಹುದು. ಇಡೀ ಫೀಮರ್‌ನ ಎಂಆರ್‌ಐ, ಎದೆಯ ಸಿಟಿ ಮಾಡಿಸುತ್ತೇನೆ. ಬಯಾಪ್ಸಿ ಎಂಆರ್‌ಐ ಆದ ಮೇಲೆ, ಗಡ್ಡೆ ತೆಗೆಯುವ ಸರ್ಜನ್ ಜೊತೆ ಮಾತಾಡಿ, ಸೂಜಿಯ ದಾರಿಯೂ ಆಮೇಲೆ ಕತ್ತರಿಸಿ ತೆಗೆಯಲು ಸಿಗುವಂತೆ ಮಾಡಬೇಕು."