ಅಧ್ಯಯನದಿಂದ ಹೊರಬರುವ ಬಗ್ಗೆ

ಮೈಸೂರು
12 ಆಗಸ್ಟ್ 2025

ನಮಸ್ಕಾರ ಮೇಡಂ,

ರಾತ್ರಿ ಪಾಳಿಯ ನರ್ಸ್‌ಗಳ ನಿದ್ದೆ ಕುರಿತ ನಿಮ್ಮ ವಿಭಾಗದ ಅಧ್ಯಯನದಲ್ಲಿ ನನ್ನ ಸಂಖ್ಯೆ 47. ಇವತ್ತಿನಿಂದ ನಾನು ಅದರಿಂದ ಹೊರಗೆ ಬರುತ್ತಿದ್ದೇನೆ. ಕಾರಣ ಹೇಳಲೇಬೇಕೆಂದಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಇದೆ, ಅಲ್ವಾ? ಆದರೂ ಹೇಳುತ್ತೇನೆ. ಸಂದರ್ಶನದಲ್ಲಿ ಮನೆ ವಿಷಯ ಜಾಸ್ತಿ ಮಾತಾಡಿಬಿಟ್ಟೆ. ಅದು ಎಲ್ಲೂ ಉಳಿಯುವುದು ನನಗೆ ಇಷ್ಟವಿಲ್ಲ.

ಜೂನ್‌ನ ಎರಡು ಸಂದರ್ಶನಗಳ ರೆಕಾರ್ಡಿಂಗ್, ಅದನ್ನು ಬರೆದಿಟ್ಟ ಪ್ರತಿ, ನಿದ್ದೆ ಡೈರಿ, ಕೈಗೆ ಕಟ್ಟಿದ ವಾಚಿನ ದಾಖಲೆ ಎಲ್ಲವನ್ನೂ ದಯವಿಟ್ಟು ಅಳಿಸಿ. ಬ್ಯಾಕಪ್ ಪ್ರತಿಗಳನ್ನೂ, ನನ್ನ ಹೆಸರನ್ನು ಸಂಖ್ಯೆಗೆ ಜೋಡಿಸುವ ಪಟ್ಟಿಯ ಸಾಲನ್ನೂ ಮರೆಯಬೇಡಿ. ಈಗಾಗಲೇ ಸರಾಸರಿ ಲೆಕ್ಕದಲ್ಲಿ ಸೇರಿಹೋಗಿ ತೆಗೆಯಲಾಗದ್ದು ಏನಾದರೂ ಇದ್ದರೆ ತಿಳಿಸಿ. ಅಳಿಸಿದ ಮೇಲೆ ಒಂದು ಸಾಲು ಬರೆದು ಖಚಿತಪಡಿಸಿ.

ವಾಚನ್ನು ಗುರುವಾರ ತಂದುಕೊಡುತ್ತೇನೆ.

ಇಂತಿ,
ಭಾಗಿ ಸಂಖ್ಯೆ 47