ಚೌಳು

ಇನ್ನೂ ಕತ್ತಲಿರುವಾಗಲೇ ಹುಡುಗ ಕಾಲುವೆ ದಂಡೆಯಲ್ಲಿ ಕೂತು ಜೇಡಿಮಣ್ಣು ನಾದಿದ. ಹರಳು, ಬೇರು ಒಂದೂ ಉಳಿಯಬಾರದು. ಹದವಾದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟ. ಜೊಂಡಿನ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಬರಹದ ಶಾಲೆ ಮುಗಿಸಿದ ಮೇಲೆ ಇದೇ ಅವನ ಮೊದಲ ಅಳತೆ.

ಇಂದಿನ ಇರಾಕಿನಲ್ಲಿದ್ದ ಸುಮೇರ್ ನಾಡಿನ ಗಿರ್ಸು ಪಟ್ಟಣದಲ್ಲಿ ಅಂದು ಕಂದಾಯದ ಲೆಕ್ಕ ಶುರು. ದೊರೆ ಅಮರ್-ಸುಎನ್ ಆಳುತ್ತಿದ್ದ, ನಾಲ್ಕು ಸಾವಿರ ವರ್ಷದ ಹಿಂದಿನ ಕಾಲ. ಕಾಲುವೆ ನೀರು ಕುಡಿದ ಬಾರ್ಲಿ ಹೊಲಗಳು ಹಳದಿಗೆ ತಿರುಗಿದ್ದವು. ಕೊಯ್ಲಿಗೆ ಮುಂಚೆ ಹೊಲ ಅಳೆದು, ಎಷ್ಟು ಕಾಳು ಬರಬೇಕೆಂದು ಬರೆದಿಡಬೇಕು. ಬರೆದಷ್ಟು ಬಾರದಿದ್ದರೆ ಕೊರತೆಯೆಲ್ಲ ಹೊಲ ನೋಡಿಕೊಳ್ಳುವವನ ತಲೆಗೆ. ತೀರಿಸದೆ ಸತ್ತರೆ ಅವನ ಹೆಂಡತಿ ಮಕ್ಕಳನ್ನೇ ದುಡಿಮೆಗೆ ಎಳೆದೊಯ್ಯಬಹುದು.

ಹಗ್ಗದವರು ಅಳೆದು ಕೂಗಿದರು: "ನಾಲ್ಕು ಬೂರ್ ನೆಲ!"

"ಬೂರ್‌ಗೆ 30 ಗುರ್ ಕಾಳು. ಬರಿ," ಎಂದರು ಹಿರಿಯ ಬರಹಗಾರರು.

ಹುಡುಗ ದುಂಡನೆಯ ಮಣ್ಣಿನ ಬಿಲ್ಲೆಯ ಮೇಲೆ ಕಡ್ಡಿ ಒತ್ತಿದ. ಅರವತ್ತರ ಗುರುತು ಎರಡು. 120 ಗುರ್. ಒಂದು ಗುರ್ ಎಂದರೆ 300 ಸೇರಿನಷ್ಟು. ಹೊಲದ ಮುದುಕ ತಲೆ ತಗ್ಗಿಸಿ ನಿಂತಿದ್ದ. ಮಾತಿಲ್ಲ.

ವಾಪಸ್ ನಡೆಯುವಾಗ ಹುಡುಗನ ಕಾಲಡಿ ಏನೋ ಕರಕರ ಎಂದಿತು. ತಗ್ಗಿನ ಮೂಲೆಯಲ್ಲಿ ನೆಲವೆಲ್ಲ ಬಿಳಿ. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟ. ಉಪ್ಪು.

"ಮೂರು ವರ್ಷದಿಂದ ಹೀಗೇ, ಮಗಾ," ಎಂದ ಮುದುಕ. "ನೀರು ಇಲ್ಲೇ ನಿಲ್ಲುತ್ತೆ. ಬಿಸಿಲು ಅದನ್ನು ಕುಡಿದು ಉಪ್ಪನ್ನು ಬಿಟ್ಟು ಹೋಗುತ್ತೆ. ಬಿತ್ತಿದ್ದೂ ಕೈಗೆ ಬರಲ್ಲ."

ಹುಡುಗನ ಗಂಟಲು ಒಣಗಿತು. ಹಿರಿಯರೆದುರು ಅವನು ಈವರೆಗೆ ಬಾಯಿ ತೆರೆದವನಲ್ಲ.

"ಅಯ್ಯಾ, ಈ ಮೂಲೆ ಚೌಳು."

"ಸಂಜೆಯೊಳಗೆ ಇನ್ನೂ ಆರು ಹೊಲ ಇವೆ."

"ಇದೊಂದಕ್ಕೆ ಬೇರೆ ಹಗ್ಗ ಹಾಕಿಸಿ. ನಾನು ಊಟಕ್ಕೆ ನಿಲ್ಲಲ್ಲ."

ಹಿರಿಯರು ಅವನ ಕೈಯಲ್ಲಿದ್ದ ಬಿಲ್ಲೆ ನೋಡಿದರು. ಬಿಸಿಲು ಏರಿತ್ತು. ಅಂಚು ಆಗಲೇ ಬೆಳ್ಳಗಾಗುತ್ತಿತ್ತು. ಒಣಗಿದ ಮಣ್ಣಿನ ಮೇಲೆ ಬರೆದದ್ದನ್ನು ಅಳಿಸಲು ಆಗುವುದಿಲ್ಲ.

"ಹಗ್ಗ ಹಾಕ್ರೋ," ಎಂದರು. "ಬೇಗ."

ಹುಡುಗ ಬಿಲ್ಲೆಗೆ ಒದ್ದೆ ಬಟ್ಟೆ ಹೊದಿಸಿ, ಎದೆಗೆ ಒತ್ತಿಕೊಂಡು ಕಾದ. ಹಗ್ಗದವರು ನಾಲ್ಕೂ ಮಗ್ಗುಲು ಸುತ್ತಿ ಬಂದರು. ಒಂದು ಬೂರ್.

ಹೆಬ್ಬೆರಳಿಂದ ತಿಕ್ಕಿದ. ಎರಡು ಅರವತ್ತು ಅಳಿಸಿಹೋಯಿತು. ಮತ್ತೆ ಒತ್ತಿದ. ಒಳ್ಳೆಯ ನೆಲ ಮೂರು ಬೂರ್, 90 ಗುರ್. ಚೌಳು ಒಂದು ಬೂರ್. ಅದರ ಮುಂದೆ ಕಾಳಿನ ಲೆಕ್ಕ ಬರೆಯಲಿಲ್ಲ.

ಮುದುಕ ಹತ್ತಿರ ಬಂದು ಬಗ್ಗಿದ. ಅವನಿಗೆ ಓದಲು ಬಾರದು.

"ನನ್ನ ಮೂಲೆ ಇದರಲ್ಲಿ ಎಲ್ಲಿದೆ, ಮಗಾ?"

ಹುಡುಗ ಅವನ ಒರಟು ಬೆರಳನ್ನು ಹಿಡಿದು, ಹಸಿ ಗುರುತಿಗೆ ತಾಗದಂತೆ, ಅದರ ಮೇಲೆ ತಂದು ನಿಲ್ಲಿಸಿದ.