ತೆಂಗಿನ ಗರಿಗಳು ಹಳದಿಯಾಗುತ್ತಿರುವ ಬಗ್ಗೆ ಕೃಷಿ ಅಧಿಕಾರಿಗಳಿಗೆ ಪತ್ರ

ದಿನಾಂಕ: 12-09-2024

ಇಂದ:
ಕಾರ್ಯದರ್ಶಿ,
ತೆಂಗು ಬೆಳೆಗಾರರ ಸಹಕಾರ ಸಂಘ

ಗೆ:
ಕೃಷಿ ಅಧಿಕಾರಿಗಳು,
ರೈತ ಸಂಪರ್ಕ ಕೇಂದ್ರ

ವಿಷಯ: ಸದಸ್ಯರ ತೋಟಗಳಲ್ಲಿ ತೆಂಗಿನ ಗರಿ ಹಳದಿಯಾಗುತ್ತಿರುವುದು, ಮಣ್ಣು ಮತ್ತು ಗರಿಯ ಪರೀಕ್ಷೆ ಹಾಗೂ ತೋಟ ಭೇಟಿಗೆ ಮನವಿ.

ಮಾನ್ಯರೇ,

ಕಳೆದ ವಾರ ನಮ್ಮ ಸದಸ್ಯರೊಬ್ಬರು ಕಾಯಿ ಬಿಡುತ್ತಿದ್ದ ಎರಡು ಮರಗಳನ್ನು ಕಡಿಸಿದರು. ಗರಿ ಹಳದಿಯಾಗಿತ್ತು, ಇದು ಔಷಧವಿಲ್ಲದ ರೋಗ, ಕಡಿಯದಿದ್ದರೆ ಇಡೀ ತೋಟ ಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ಮರ ನೆಲಕ್ಕೆ ಬಿದ್ದಿತ್ತು. ಬಿದ್ದ ಮರದ ಬುಡವನ್ನೂ ಸುಳಿಯನ್ನೂ ಸೀಳಿಸಿ ನೋಡಿದೆವು, ಎಲ್ಲೂ ಕೊಳೆತ ಗುರುತಿರಲಿಲ್ಲ. ಇಂಥದ್ದು ಇನ್ನೊಂದು ತೋಟದಲ್ಲಿ ಆಗುವ ಮೊದಲು ತಾವು ಬರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಆಗಸ್ಟ್ ತಿಂಗಳಿನಲ್ಲಿ ಸಂಘದ ನಾಲ್ವರು ಸೇರಿ 41 ತೋಟಗಳನ್ನು ಸುತ್ತಿದೆವು. 3,870 ಮರಗಳ ಪೈಕಿ 612ರಲ್ಲಿ ಹಳದಿ ಕಂಡಿತು. ದೂರದಿಂದ ನೋಡಿದರೆ ಎಲ್ಲವೂ ಒಂದೇ ಕಾಯಿಲೆ ಅನ್ನಿಸುತ್ತದೆ. ಹತ್ತಿರ ಹೋಗಿ ಯಾವ ಗರಿ, ಅದರಲ್ಲಿ ಎಸಳಿನ ಯಾವ ಭಾಗ ಎಂದು ನೋಡುತ್ತಾ ಹೋದ ಹಾಗೆ ಇವು ಬೇರೆ ಬೇರೆ ತೊಂದರೆಗಳು ಎಂಬುದು ನಮಗೆ ಸ್ಪಷ್ಟವಾಯಿತು.

388 ಮರಗಳಲ್ಲಿ ಹಳದಿ ಇರುವುದು ಕೆಳಗಿನ ಹಳೆಯ ಗರಿಗಳಲ್ಲಿ ಮಾತ್ರ. ಎಸಳಿನ ಅಂಚು ಹಳದಿ, ಕಡ್ಡಿಯ ಪಕ್ಕ ಇನ್ನೂ ಹಸಿರು. ಒಂದು ಎಸಳಿನ ಮೇಲೆ ಇನ್ನೊಂದು ಬಿದ್ದು ನೆರಳಾದ ಕಡೆ ಹಸಿರು ಹಾಗೇ ಉಳಿದಿದೆ, ಬಿಸಿಲು ಬಿದ್ದ ಕಡೆ ಬಣ್ಣ ಹೋಗಿದೆ. ಸುಳಿ ಮತ್ತು ಮೇಲಿನ ಗರಿಗಳು ಚೆನ್ನಾಗಿವೆ. ಈ ತೋಟಗಳೆಲ್ಲ ಇಳಿಜಾರಿನ ಮರಳು ಮಿಶ್ರಿತ ಮಣ್ಣಿನಲ್ಲಿವೆ. ಇದು ಮೆಗ್ನೀಷಿಯಂ ಕೊರತೆ ಎಂಬುದು ನನ್ನ ಅನುಮಾನ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಎರಡು ವರ್ಷದ ಹಿಂದೆ ಕಾಯಿ ಕಡಿಮೆಯಾಯಿತೆಂದು ಸಂಘದ ವತಿಯಿಂದಲೇ ಪೊಟ್ಯಾಷ್ ಹೆಚ್ಚು ತರಿಸಿ ಹಂಚಿದೆವು. ಫಲ ಕೊಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಮಗೆ ಗೊತ್ತಿತ್ತು. 1,200 ಗ್ರಾಂ ಎಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು ಎರಡು ಕೆಜಿ. ಹಲವರು ಮರಕ್ಕೆ ಮೂರೂವರೆ, ನಾಲ್ಕು ಕೆಜಿ ಹಾಕಿದರು. ನಾವು ತಡೆಯಲಿಲ್ಲ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಷಿಯಂ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದನ್ನು ನಾವು ಆಗಲೇ ಯೋಚಿಸಬೇಕಿತ್ತು. ಈಗ ಹಳದಿ ಕಂಡವರು ಮತ್ತೆ ಪೊಟ್ಯಾಷನ್ನೇ ಕೇಳಿಕೊಂಡು ಬರುತ್ತಿದ್ದಾರೆ. ಸೆಪ್ಟೆಂಬರ್–ಅಕ್ಟೋಬರ್‌ನ ದೊಡ್ಡ ಕಂತು ಹಾಕುವ ಹೊತ್ತು ಇದು. ವರದಿ ಬರುವ ತನಕ ಆ ಇಳಿಜಾರಿನ ತೋಟಗಳಿಗೆ ಗೋದಾಮಿನಿಂದ ಪೊಟ್ಯಾಷ್ ಕೊಡುವುದನ್ನು ತಡೆಹಿಡಿದಿದ್ದೇನೆ. ಹೆಚ್ಚು ದಿನ ಹೀಗೆ ತಡೆಯುವುದಕ್ಕೂ ಆಗುವುದಿಲ್ಲ, ಏಕೆಂದರೆ ಪೊಟ್ಯಾಷ್ ನಿಜಕ್ಕೂ ಬೇಕಾದ ತೋಟಗಳೂ ಅವುಗಳ ನಡುವೆ ಇರಬಹುದು. ಪೊಟ್ಯಾಷ್ ಕೊರತೆಯೂ ಹಳೆಯ ಗರಿಯಲ್ಲೇ ಕಾಣುವುದು. ಕಿತ್ತಳೆ ಬಣ್ಣದ ಚುಕ್ಕೆ, ಸುಟ್ಟಂತಾದ ತುದಿ ನೋಡಿ ಗುರುತಿಸಬೇಕು. ಎರಡೂ ಸೇರಿಕೊಂಡಿದ್ದರೆ ಬರಿಗಣ್ಣಿನಿಂದ ನಮಗೆ ತಿಳಿಯುವುದಿಲ್ಲ.

166 ಮರಗಳದ್ದು ನೀರಿನ ಸಮಸ್ಯೆ. ರಸ್ತೆ ಎತ್ತರಿಸಿದ ಮೇಲೆ ತಗ್ಗಿನ ತೋಟಗಳ ಬಸಿಗಾಲುವೆ ಮುಚ್ಚಿಹೋಗಿದೆ, ಮಳೆ ನಿಂತು ಮೂರು ವಾರವಾದರೂ ಪಾತಿಯಲ್ಲಿ ನೀರು ಒಣಗುವುದಿಲ್ಲ. ಬೇರಿಗೆ ಗಾಳಿಯಿಲ್ಲದೆ ಮರವಿಡೀ ಬಿಳಿಚಿಕೊಂಡಿದೆ. ಇದಕ್ಕೆ ಗೊಬ್ಬರವಲ್ಲ, ಕಾಲುವೆ ಬೇಕು. ರಸ್ತೆ ಕೆಲಸದವರಿಗೆ ಬರೆಯುವಾಗ ಜೊತೆಗಿಡಲು ತಮ್ಮ ತಪಾಸಣಾ ಟಿಪ್ಪಣಿ ಸಿಕ್ಕರೆ ನಮ್ಮ ಮಾತಿಗೆ ತೂಕ ಬರುತ್ತದೆ.

44 ಮರಗಳಲ್ಲಿ ಹೊರಸುತ್ತಿನ ಗರಿಗಳು ಹಳದಿಯಾಗಿ ಕಾಂಡಕ್ಕೆ ಅಂಟಿಕೊಂಡಂತೆ ಜೋತುಬಿದ್ದಿವೆ. ಬುಡದ ಹತ್ತಿರ ಕೆಂಗಂದು ಬಣ್ಣದ ರಸ ಸೋರುತ್ತಿದೆ. ಒಂಬತ್ತು ಮರಗಳ ಬುಡದಲ್ಲಿ ಅಣಬೆಯೂ ಎದ್ದಿದೆ. ಅಣಬೆ ರೋಗ ಎಂದೇ ನಮ್ಮ ಲೆಕ್ಕ. ಅಂಥ ಮರಗಳ ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಲು ಹೇಳಿದ್ದೇವೆ. ಆ ಪಾತಿಗಳನ್ನು ಉಳುವುದನ್ನೂ, ಅಲ್ಲಿಂದ ನೀರು ಬೇರೆ ಪಾತಿಗೆ ಹರಿಸುವುದನ್ನೂ ನಿಲ್ಲಿಸಿದ್ದೇವೆ. ಬೇವಿನ ಹಿಂಡಿಯೊಂದಿಗೆ ಟ್ರೈಕೊಡರ್ಮಾ ಹಾಕಿದ್ದಾರೆ. ಬೇರಿನ ಮೂಲಕ ಔಷಧ ಉಣಿಸುವ ಕ್ರಮವನ್ನು ಮಾತ್ರ ತಮ್ಮವರೇ ಒಮ್ಮೆ ಮಾಡಿ ತೋರಿಸಬೇಕು. ಪುಸ್ತಕ ಓದಿ ಮಾಡಿದವರು ಒಣಗಿದ ಬೇರನ್ನೇ ಕತ್ತರಿಸಿ ಔಷಧದ ಚೀಲ ಕಟ್ಟಿದ್ದರು. ಒಂದು ಹನಿಯೂ ಮರಕ್ಕೆ ಏರಲಿಲ್ಲ.

ಉಳಿದ 14 ಮರಗಳೇ ನನ್ನ ನಿದ್ದೆ ಕೆಡಿಸಿರುವುದು. ಎಲ್ಲವೂ ಒಂದೇ ತೋಟದಲ್ಲಿವೆ. ಇವುಗಳಲ್ಲಿ ಎಸಳುಗಳು ಬಿಗಿ ಕಳೆದುಕೊಂಡು ಪಕ್ಕೆಲುಬಿನ ಹಾಗೆ ಒಳಕ್ಕೆ ಬಾಗಿವೆ, ಆಮೇಲೆ ಹಳದಿ ಬಂದು ಅಂಚು ಒಣಗಿದೆ. ಬುಡದಲ್ಲಿ ರಸವಿಲ್ಲ, ಅಣಬೆಯಿಲ್ಲ, ನೀರೂ ನಿಂತಿಲ್ಲ. ಕೇರಳದಲ್ಲಿ ನೂರು ವರ್ಷಕ್ಕೂ ಮೊದಲೇ ಕಾಣಿಸಿಕೊಂಡ ಬೇರು ಸೊರಗು ರೋಗದ ಲಕ್ಷಣ ಹೀಗೆಯೇ ಇರುತ್ತದೆ. ಅದು ಫೈಟೊಪ್ಲಾಸ್ಮಾದಿಂದ ಬರುವಂಥದ್ದು, ರಸ ಹೀರುವ ಕೀಟಗಳಿಂದ ಮರದಿಂದ ಮರಕ್ಕೆ ಹರಡುವಂಥದ್ದು. ನಮ್ಮಲ್ಲಿರುವುದು ಅದೇ ಎಂದು ನಾನು ಹೇಳುತ್ತಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಊರಲ್ಲಿ ಎದ್ದಿರುವ ಭಯಕ್ಕೆ ಮೂಲ ಈ 14 ಮರಗಳು, ಆ ಭಯಕ್ಕೆ ಬಲಿಯಾಗುತ್ತಿರುವುದು ಉಳಿದ 598. ಒಂದೊಮ್ಮೆ ಅದೇ ರೋಗವಾದರೂ ಮರ ತಕ್ಷಣ ಸಾಯುವುದಿಲ್ಲ, ಇಳುವರಿ ಇಳಿಯುತ್ತಾ ವರ್ಷಗಟ್ಟಲೆ ಬದುಕುತ್ತದೆ ಎಂದು ನಾನು ಎಷ್ಟು ಹೇಳಿದರೂ ಜನ ಕೇಳುತ್ತಿಲ್ಲ. ತಾವು ಹೇಳಿದರೆ ಕೇಳುತ್ತಾರೆ. ಈ ಮರಗಳ ಮಾದರಿಯನ್ನು ಪಿಸಿಆರ್ ಪರೀಕ್ಷೆಗೆ ಕಳಿಸಬೇಕೆಂಬುದು ಈ ಪತ್ರದ ಮೊದಲ ಬೇಡಿಕೆ. ಅಲ್ಲಿಯ ತನಕ ಆ ತೋಟದಿಂದ ಬಿತ್ತನೆ ಕಾಯಿಯನ್ನಾಗಲಿ ಸಸಿಯನ್ನಾಗಲಿ ಕೊಡುವುದಿಲ್ಲವೆಂದು ಮಾಲೀಕರು ಒಪ್ಪಿದ್ದಾರೆ.

ಮಣ್ಣಿನ ಮಾದರಿಗಳು ಸಿದ್ಧವಾಗಿವೆ. 22 ತೋಟಗಳ ಪಾತಿಗಳಿಂದ 0–30 ಮತ್ತು 30–60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ತೆಗೆದು ನೆರಳಿನಲ್ಲಿ ಒಣಗಿಸಿ ಚೀಟಿ ಹಚ್ಚಿದ್ದೇವೆ. ಗರಿಯ ಮಾದರಿಯನ್ನು ಮೇಲಿನಿಂದ ಎಣಿಸಿ 14ನೇ ಗರಿಯ ನಡುಭಾಗದ ಎಸಳುಗಳಿಂದ ತೆಗೆಯಬೇಕೆಂದು ಗೊತ್ತು. ಸರಿಯಾಗಿ ಎಣಿಸಿ ಇಳಿಸಬಲ್ಲ ಇಬ್ಬರು ಮರ ಹತ್ತುವವರು ನಮ್ಮಲ್ಲಿದ್ದಾರೆ. ತಾವು ಬರುವ ದಿನವೇ ಹಸಿಯಾಗಿ ತೆಗೆದುಕೊಡುತ್ತೇವೆ.

ಇನ್ನೊಂದು ಮನವಿ. ದಯವಿಟ್ಟು ಎಲ್ಲಾ ತೋಟಗಳಿಗೂ ಸೇರಿಸಿ ಒಂದೇ ಶಿಫಾರಸು ಚೀಟಿ ಕೊಡಬೇಡಿ. ಹಿಂದೊಮ್ಮೆ ಹಾಗೆ ಬಂದ ಚೀಟಿಯನ್ನು ತಗ್ಗಿನವರೂ ಇಳಿಜಾರಿನವರೂ ಒಂದೇ ರೀತಿ ಪಾಲಿಸಿದರು. ನೀರು ನಿಂತ ಪಾತಿಗೆ ಸುರಿದ ಯೂರಿಯಾ ಯಾರ ಉಪಯೋಗಕ್ಕೂ ಬರಲಿಲ್ಲ. ತೆಂಗಿನಲ್ಲಿ ತಪ್ಪು ಮಾಡಿದರೆ ಮುಂದಿನ ಹಂಗಾಮಿಗೆ ತಿದ್ದಿಕೊಳ್ಳುತ್ತೇವೆ ಎನ್ನುವಂತಿಲ್ಲ. ಇಂದು ಕಾಂಡದೊಳಗೆ ಮೊಳೆಯುವ ಹೊಂಬಾಳೆ ಬಲಿತ ಕಾಯಾಗಲು ಸುಮಾರು 44 ತಿಂಗಳು ಬೇಕು. ಈ ಕಂತಿನಲ್ಲಿ ನಾವು ಮಾಡುವ ತಪ್ಪೂ ಒಪ್ಪೂ ಅಷ್ಟು ವರ್ಷ ಮರದಲ್ಲಿರುತ್ತವೆ.

ಸೆಪ್ಟೆಂಬರ್ 25ರಂದು ಬೆಳಿಗ್ಗೆ ಹತ್ತಕ್ಕೆ ಸಂಘದ ಸಭೆ ಕರೆದಿದ್ದೇವೆ. ಅದಕ್ಕೆ ಮೊದಲೇ, ಸಾಧ್ಯವಾದರೆ 18 ಅಥವಾ 19ರಂದು, ತಾವು ಬಂದು ನಾಲ್ಕೂ ಬಗೆಯ ತೋಟ ನೋಡಿದರೆ ಸಭೆಯಲ್ಲಿ ಸದಸ್ಯರಿಗೆ ಖಚಿತವಾಗಿ ಹೇಳಲು ನಮ್ಮಲ್ಲಿ ಏನಾದರೂ ಇರುತ್ತದೆ. ಅಷ್ಟರೊಳಗೆ ಬರಲಾಗದಿದ್ದರೆ, ಪರೀಕ್ಷೆಯ ವರದಿ ಬರುವ ತನಕ ಹಳದಿಯಾದ ಕಾರಣಕ್ಕೆ ಯಾರೂ ಮರ ಕಡಿಯಬಾರದು ಎಂದು ತಮ್ಮ ಸಹಿಯ ನಾಲ್ಕು ಸಾಲು ಬರೆದುಕೊಡಿ. ಪತ್ರ ತಂದಿರುವವರ ಕೈಯಲ್ಲೇ ಕೊಟ್ಟರೆ ಇವತ್ತು ಸಂಜೆಯೇ ಸಂಘದ ಫಲಕಕ್ಕೆ ಹಚ್ಚುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಕಾರ್ಯದರ್ಶಿ,
ತೆಂಗು ಬೆಳೆಗಾರರ ಸಹಕಾರ ಸಂಘ

ಅಡಕ: 41 ತೋಟಗಳ ಮರವಾರು ಪಟ್ಟಿ, ಗರಿ, ಬುಡ ಮತ್ತು ಪಾತಿಗಳ 36 ಫೋಟೊಗಳು, ಎರಡು ವರ್ಷದ ಗೊಬ್ಬರ ವಿತರಣೆಯ ಲೆಕ್ಕ.